ಒಂಬತ್ತನೇ ಸೆಷನ್‌ನಲ್ಲಿ ‘ಮೇಡಂ, ಏನೂ ಆಗ್ತಿಲ್ಲ’ ಅಂದ್ರು

ತುಮಕೂರಲ್ಲಿ ಕ್ಲಿನಿಕ್ ನಡೆಸೋಳಾಗಿ ಹೇಳ್ತೀನಿ, ಥೆರಪಿ ಬಗ್ಗೆ ಅನುಮಾನ ಬಂದಾಗ ಜನ ಅದನ್ನ ಬಾಯಿ ಬಿಟ್ಟು ಹೇಳೋದು ಕಡಿಮೆ, ಎರಡು ಸಲ "ಈ ವಾರ ಊರಲ್ಲಿ ಹಬ್ಬ" ಅಂತ ಮೆಸೇಜ್ ಬರುತ್ತೆ, ಆಮೇಲೆ ಬರೋದೇ ನಿಂತುಹೋಗುತ್ತೆ. ಅದಕ್ಕೇ ಮುಖಕ್ಕೆ ಹೇಳಿದ ಒಬ್ಬರ ಕಥೆ ಹೇಳ್ತೀನಿ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ.

ನಲವತ್ತರ ಆಸುಪಾಸಿನ ಮನುಷ್ಯ, ಕೆಲಸಕ್ಕೆ ಬೆಂಗಳೂರಿಗೆ ಓಡಾಡ್ಬೇಕು, ಆದ್ರೆ ಬಸ್ ಕ್ಯಾತ್ಸಂದ್ರ ಟೋಲ್ ದಾಟಿದ್ರೆ ಎದೆ ಡವಡವ, ಕೈ ಜೋಮು, ಈಗ್ಲೇ ಸತ್ತೋಗ್ತೀನಿ ಅನ್ನೋ ಭಯ. ಇಸಿಜಿ ಎಲ್ಲಾ ನಾರ್ಮಲ್. ಪ್ಯಾನಿಕ್ ಅಂತ ನಮ್ಮ ಹತ್ರ ಬಂದ್ರು. ಒಂಬತ್ತನೇ ಸೆಷನ್‌ಗೆ ಬಂದು ಕೂತವರೇ "ಮೇಡಂ, ನಿಮ್ಮ ಹತ್ರ ಮಾತಾಡಿದ್ರೆ ಮನಸ್ಸು ಹಗುರ ಆಗುತ್ತೆ ನಿಜ, ಆದ್ರೆ ಬಸ್ ಹತ್ತೋಕೆ ಇನ್ನೂ ಆಗ್ತಿಲ್ಲ, ನಾವು ಸರಿಯಾದ ದಾರೀಲಿ ಇದೀವಾ?" ಅಂದ್ರು. ಒಂದು ಕ್ಷಣ ನಂಗೂ ಚುರುಕ್ ಅಂತು, ಸುಳ್ಳು ಹೇಳಲ್ಲ.

ಫೈಲ್ ತೆಗೆದು ಇಬ್ಬರೂ ನೋಡಿದ್ವಿ. ಎಂಟರಲ್ಲಿ ಐದು ಸೆಷನ್ ಅಣ್ಣನ ಜೊತೆ ಜಮೀನು ಪಾಲಿನ ಜಗಳಕ್ಕೇ ಹೋಗಿತ್ತು. ಆ ನೋವೂ ನಿಜಾನೇ, ಆದ್ರೆ ಬಸ್ಸಿನ ಭಯ ಹೋಗೋದು ಅದನ್ನ ಮಾತಾಡಿ ಅಲ್ಲ, ಹಂತ ಹಂತವಾಗಿ ಬಸ್ ಹತ್ತಿ, ಎದೆ ಹೊಡ್ಕೊಂಡ್ರೂ ಏನೂ ಆಗಲ್ಲ ಅನ್ನೋದನ್ನ ಮೈಗೆ ಕಲಿಸಿ. ಅದನ್ನ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ವಿ, ತಪ್ಪು ನಂದೇ. ಇನ್ನೊಂದು ವಿಷಯಾನೂ ಆವತ್ತೇ ಸಿಕ್ತು. ಅವರು ಆಗಾಗ ಬಸ್ ಹತ್ತಿದ್ದೂ ಇತ್ತು, ಆದ್ರೆ ಕೈಯಲ್ಲಿ ನೀರಿನ ಬಾಟ್ಲು, ಜೇಬಲ್ಲಿ ಮಾತ್ರೆ, ಬಾಗಿಲ ಪಕ್ಕದ ಸೀಟು, ದಾರಿಯುದ್ದಕ್ಕೂ ಹೆಂಡ್ತಿ ಜೊತೆ ಫೋನು. ಹೀಗೆ ಹೋದ್ರೆ ಮನಸ್ಸು "ಬಾಟ್ಲು ಇತ್ತು, ಅದಕ್ಕೇ ಬದುಕಿದೆ" ಅಂತ ಕಲಿಯುತ್ತೆ, ಭಯ ಹಾಗೇ ಉಳಿಯುತ್ತೆ.

ಅವರು ಮಾಡಿದ ಒಂದು ಒಳ್ಳೇ ಕೆಲಸ, ಮಾತನ್ನ ಶುರುವಲ್ಲೇ ಎತ್ತಿದ್ದು. ತುಂಬಾ ಜನ ಕೊನೇ ನಿಮಿಷದಲ್ಲಿ ಚಪ್ಪಲಿ ಹಾಕ್ಕೋತಾ ಹೇಳ್ತಾರೆ, ಹೊರಗಡೆ ಮುಂದಿನವರು ಕಾಯ್ತಿರ್ತಾರೆ, "ಮುಂದಿನ ವಾರ ನೋಡೋಣ" ಅಂತ ತೇಲಿಹೋಗುತ್ತೆ. "ನೀವು ಸರಿ ಇಲ್ಲ" ಅನ್ನೋ ಅಗತ್ಯ ಇಲ್ಲ, ನಾವು ಯಾವುದರ ಮೇಲೆ ಕೆಲಸ ಮಾಡ್ತಿದೀವಿ, ಸುಧಾರಿಸ್ತಿದೆ ಅಂತ ಹೇಗೆ ಗೊತ್ತಾಗುತ್ತೆ, ಮುಂದಿನ ನಾಕು ಸೆಷನ್‌ನಲ್ಲಿ ಏನ್ ಮಾಡ್ತೀವಿ, ಇಷ್ಟು ಕೇಳಿ ಸಾಕು. ಬಾಯಲ್ಲಿ ಹೇಳೋಕೆ ಮುಜುಗರ ಆದ್ರೆ ಚೀಟೀಲಿ ಬರ್ಕೊಂಡು ಬನ್ನಿ, ನಂಗೆ ಹಾಗೆ ಬಂದಿದ್ದೂ ಉಂಟು.

ಉತ್ತರದಲ್ಲೇ ಅರ್ಧ ನಿರ್ಧಾರ ಆಗೋಗುತ್ತೆ. ಪ್ಲಾನ್ ತಿರುಗಿ ನೋಡಿ, ಯಾಕೆ ನಿಧಾನ ಅಂತ ನಿಮ್ಮ ಸಮಸ್ಯೆಗೇ ಹೊಂದೋ ಕಾರಣ ಹೇಳಿದ್ರೆ ಇನ್ನಷ್ಟು ದಿನ ಕೊಡಬಹುದು. "ನಿಮಗೆ ನಂಬಿಕೆ ಇಲ್ಲ, ಅದಕ್ಕೇ ಗುಣ ಆಗ್ತಿಲ್ಲ" ಅಂತ ನಿಮ್ಮ ಮೇಲೇ ಹಾಕಿದ್ರೆ ಬೇರೆ ಕಡೆ ನೋಡಿ. ಥೆರಪಿಸ್ಟು ಮೈ ಮುಟ್ಟೋದು, ಸಾಲ ಕೇಳೋದು, ನಿಮ್ಮ ಮಾತನ್ನ ನೆಂಟರ ಕಿವಿಗೆ ಹಾಕೋದು ಆದ್ರಂತೂ ಚರ್ಚೆಯೇ ಬೇಡ, ಅವತ್ತೇ ಬಿಡಿ.

ನಮ್ಮ ಈ ಮನುಷ್ಯನ ಜೊತೆ ನಾಕು ಸೆಷನ್ ಗಡುವು ಹಾಕ್ಕೊಂಡ್ವಿ. ಬಾಟ್ಲು ಮನೇಲಿ, ಫೋನು ಬ್ಯಾಗಲ್ಲಿ, ವಾರಕ್ಕೆ ಮೂರು ಸಲ ಬಸ್, ಪ್ರತಿ ಸಲ ಭಯಕ್ಕೆ ಹತ್ತಕ್ಕೆ ಎಷ್ಟು ಅಂತ ನೋಟ್‌ಬುಕ್ಕಲ್ಲಿ ನಂಬರ್. ಮೊದಲು ಡಾಬಸ್‌ಪೇಟೆ ತನಕ, ಆಮೇಲೆ ನೆಲಮಂಗಲ. ಮೊದಲ ವಾರ ಎಂಟು, ಒಂಬತ್ತು ಅಂತಾನೇ ಬರೆದಿದ್ರು, "ಜಾಸ್ತಿ ಆಯ್ತಲ್ಲ ಮೇಡಂ" ಅಂದ್ರು. ಆಗೋದೇ ಹಾಗೆ, ಊರುಗೋಲು ಕಿತ್ಕೊಂಡಾಗ ಶುರುವಲ್ಲಿ ಭಯ ಏರುತ್ತೆ, ಅದನ್ನ ನೋಡಿ ಥೆರಪಿ ಕೆಟ್ಟೋಯ್ತು ಅಂದ್ಕೋಬಾರ್ದು. ನಾಕನೇ ವಾರ ನೆಲಮಂಗಲದಲ್ಲಿ ಒಬ್ರೇ ಇಳಿದು ಕಾಫಿ ಕುಡಿದು ವಾಪಸ್ ಬಂದ್ರು, ನಂಬರ್ ನಾಕು. ಮೆಜೆಸ್ಟಿಕ್ ಇನ್ನೂ ಆಗಿರ್ಲಿಲ್ಲ, ಆದ್ರೂ ಮುಂದುವರಿಸೋಕೆ ಕಾರಣ ಇತ್ತು. ನಾಕು ವಾರ ಹೇಳಿದ್ದೆಲ್ಲಾ ಮಾಡಿಯೂ ನಂಬರ್ ಎಂಟರಲ್ಲೇ ನಿಂತಿದ್ರೆ ನಾನೇ ಬೇರೆಯವರ ಹತ್ರ ಕಳಿಸ್ತಿದ್ದೆ. ಹೋಂವರ್ಕ್ ಮಾಡ್ದೇ ಇದ್ದಿದ್ರೆ ಮೊದಲು ಅದು ಯಾಕೆ ಆಗ್ಲಿಲ್ಲ ಅಂತ ಕೇಳ್ತಿದ್ದೆ, ಯಾಕಂದ್ರೆ ಅದನ್ನ ಬಿಟ್ಟು ಥೆರಪಿಸ್ಟ್ ಬದಲಾಯಿಸಿದ್ರೆ ಅದೇ ಕಥೆ ಇನ್ನೊಂದು ರೂಮಲ್ಲಿ ನಡೆಯುತ್ತೆ.

ಬದಲಾಯಿಸೋದೇ ಅಂತಾದ್ರೆ ಕಾಣೆಯಾಗ್ಬೇಡಿ, ಒಂದು ಕೊನೇ ಸೆಷನ್ ತಗೊಂಡು ಏನೇನು ಮಾಡಿದ್ವಿ, ಯಾವುದು ಕೆಲಸ ಮಾಡ್ಲಿಲ್ಲ ಅಂತ ಒಂದು ಪುಟದ ಲೆಟರ್ ಬರೆಸ್ಕೊಳ್ಳಿ, ಇಲ್ಲಾಂದ್ರೆ ಹೊಸಬರ ಹತ್ರ ಮೂರು ಸೆಷನ್ ಹಳೇ ಕಥೆ ಹೇಳೋದಕ್ಕೇ ಹೋಗುತ್ತೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿ ಪಡೆಯೋ ಹಕ್ಕೂ ಇದೆ. ಮಾತ್ರೆ ನಡೀತಿದ್ರೆ ಮಾತ್ರ ಥೆರಪಿಸ್ಟ್ ಬಿಟ್ಟ ದಿನವೇ ಅದನ್ನೂ ಬಿಡ್ಬೇಡಿ, ಅದು ಬರೆದುಕೊಟ್ಟ ಡಾಕ್ಟರ್ ಹತ್ರ ಕೇಳಿ ಮಾಡೋ ಕೆಲಸ.