ಸಭೆಯಲ್ಲಿ ಹಾರ, ಕೊಠಡಿಯಲ್ಲಿ ಪ್ರಹಾರ

ಹೊಗಳುವುದಾದರೆ ನಾಲ್ಕು ಜನರ ಮುಂದೆ ಹೊಗಳಿ, ತಪ್ಪು ಹೇಳುವುದಾದರೆ ಬಾಗಿಲು ಹಾಕಿಕೊಂಡು ಹೇಳಿ. ವ್ಯವಸ್ಥಾಪಕರಿಗೆ ಕೊಡುವ ಸಲಹೆಗಳಲ್ಲಿ ಇದಕ್ಕಿಂತ ಹಳೆಯದು ಸಿಗುವುದು ಕಷ್ಟ. ಆದ್ದರಿಂದಲೇ ಸಾಂಸ್ಥಿಕ ವರ್ತನೆಯನ್ನು ಓದುವ ನಾವು, ಹೀಗೆ ನಡೆದುಕೊಳ್ಳುವ ವ್ಯವಸ್ಥಾಪಕರ ಕೈಕೆಳಗಿನವರು ಗೊಂದಲ, ಆತಂಕ, ಅಪನಂಬಿಕೆಯಲ್ಲಿ ಬೇಯುತ್ತಾರೆ ಎಂದು ಪಠ್ಯಗಳಲ್ಲಿ ಓದಿದಾಗ ತಬ್ಬಿಬ್ಬಾಗುತ್ತೇವೆ. ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದವರಿಂದ ಇಂಥ ಫಲ ಹೇಗೆ?

ಸಲಹೆ ಮಾತನಾಡುತ್ತಿರುವುದು ಸ್ಥಳದ ಬಗ್ಗೆ, ತೀರ್ಪಿನ ಬಗ್ಗೆ ಅಲ್ಲ. ಒಂದು ಕೆಲಸ ಚೆನ್ನಾಗಿತ್ತು, ಅದನ್ನು ಸಭೆಯಲ್ಲಿ ಹೇಳಿದರು. ಇನ್ನೊಂದು ಕೆಟ್ಟಿತ್ತು, ಅದನ್ನು ಕೊಠಡಿಯಲ್ಲಿ ಹೇಳಿದರು. ಇದರಲ್ಲಿ ತೊಡಕೇನೂ ಇಲ್ಲ. ತೊಡಕು ಹುಟ್ಟುವುದು ಒಂದೇ ಕೆಲಸಕ್ಕೆ ಎರಡು ತೀರ್ಪು ಬಂದಾಗ. ಈ ಟಿಪ್ಪಣಿ ಅದೊಂದರ ಬಗ್ಗೆ ಮಾತ್ರ.

ಒಂದು ಕಲ್ಪಿತ ಪ್ರಸಂಗವನ್ನು ಇಟ್ಟುಕೊಳ್ಳೋಣ. ಒಬ್ಬ ಉದ್ಯೋಗಿ ತ್ರೈಮಾಸಿಕ ವರದಿಯನ್ನು ಸಿದ್ಧಪಡಿಸಿದ್ದಾಳೆ. ಸೋಮವಾರದ ಸಭೆಯಲ್ಲಿ ಹನ್ನೊಂದು ಜನರ ಮುಂದೆ ವ್ಯವಸ್ಥಾಪಕ ಹೇಳುತ್ತಾನೆ: “ವರದಿ ಎಂದರೆ ಹೀಗಿರಬೇಕು. ಎಲ್ಲರೂ ಇದನ್ನೇ ಮಾದರಿಯಾಗಿ ಇಟ್ಟುಕೊಳ್ಳಿ.” ಚಪ್ಪಾಳೆ ಬೀಳುತ್ತದೆ. ಗುರುವಾರ ಆಕೆಯನ್ನು ಒಳಗೆ ಕರೆದು ಅದೇ ವರದಿಯ ಹಾಳೆಗಳನ್ನು ತಿರುವುತ್ತಾ ಹೇಳುತ್ತಾನೆ: “ಮೂರನೇ ಭಾಗದ ಲೆಕ್ಕ ನಂಬುವ ಹಾಗಿಲ್ಲ. ನಿಮ್ಮಿಂದ ಇಷ್ಟು ಅಜಾಗರೂಕತೆಯನ್ನು ನಿರೀಕ್ಷಿಸಿರಲಿಲ್ಲ.” ಮುಂದಿನ ಸೋಮವಾರ ಮತ್ತೆ ಎಲ್ಲರೆದುರು: “ಕಳೆದ ಬಾರಿಯ ವರದಿಯ ಮಟ್ಟವನ್ನು ಕಾಪಾಡಿಕೊಳ್ಳಿ.”

ಈಗ ಆಕೆಯ ತಲೆಯೊಳಗೆ ನಡೆಯುವ ಲೆಕ್ಕವನ್ನು ನೋಡಿ. ಹೆರಾಲ್ಡ್ ಕೆಲ್ಲಿ ಎಂಬ ಸಾಮಾಜಿಕ ಮನೋವಿಜ್ಞಾನಿ, ನಾವು ಇನ್ನೊಬ್ಬರ ನಡೆಗೆ ಕಾರಣ ಹುಡುಕುವ ಬಗೆಯನ್ನು ವಿವರಿಸುವಾಗ ಒಂದು ಸೂತ್ರವನ್ನು ಕೊಟ್ಟರು. ಒಂದು ನಡೆಗೆ ಹಲವು ಕಾರಣಗಳು ಇರಬಹುದು ಎಂದು ಕಂಡರೆ, ಅವುಗಳಲ್ಲಿ ಯಾವ ಒಂದಕ್ಕೂ ನಾವು ಪೂರ್ತಿ ತೂಕ ಕೊಡುವುದಿಲ್ಲ. ಸಭೆಯ ಹೊಗಳಿಕೆಗೆ ಕಾರಣಗಳು ಬೇಕಾದಷ್ಟಿವೆ: ತಂಡವನ್ನು ಹುರಿದುಂಬಿಸಬೇಕಿತ್ತು, ಮೇಲಿನವರಿಗೆ ಕೇಳಿಸಬೇಕಿತ್ತು, ತಾನು ಉದಾರಿ ಎಂದು ತೋರಿಸಿಕೊಳ್ಳಬೇಕಿತ್ತು. ಕೊಠಡಿಯಲ್ಲಿ ಆಡಿದ ಮಾತಿಗೆ ಪ್ರೇಕ್ಷಕರೇ ಇಲ್ಲ. ಹಾಗಾಗಿ ಅದನ್ನು ಆಡಿದ್ದಕ್ಕೆ ಆಕೆಗೆ ಹೊಳೆಯುವ ಕಾರಣ ಒಂದೇ, ಅವನಿಗೆ ನಿಜವಾಗಿ ಹಾಗೆ ಅನ್ನಿಸಿದೆ. ಟೀಕೆ ನಿಜ, ಹೊಗಳಿಕೆ ನಾಟಕ ಎಂಬ ತೀರ್ಮಾನಕ್ಕೆ ಆಕೆ ಬರುತ್ತಾಳೆ.

ಇಲ್ಲಿಗೆ ನಿಂತಿದ್ದರೆ ಅದನ್ನು ನೋವು ಎನ್ನಬಹುದಿತ್ತೇ ಹೊರತು ಗೊಂದಲ ಎನ್ನುವಂತಿರಲಿಲ್ಲ. ಆದರೆ ಮುಂದಿನ ಸೋಮವಾರ ಲೆಕ್ಕ ತಲೆಕೆಳಗಾಗುತ್ತದೆ. ಹನ್ನೊಂದು ಜನರ ಮುಂದೆ ಆಡಿದ ಮಾತಿಗೆ ಅವನು ಬದ್ಧ, ಕೊಠಡಿಯ ಮಾತಿಗೆ ಸಾಕ್ಷಿಯೇ ಇಲ್ಲ. ಅಂದು ಅವನ ಮನಸ್ಸು ಸರಿಯಿರಲಿಲ್ಲವೇನೋ, ಅಥವಾ ತನ್ನನ್ನು ಹದ್ದುಬಸ್ತಿನಲ್ಲಿಡಲು ಗದರಿದನೇನೋ ಎಂಬ ಅನುಮಾನ ಹುಟ್ಟುತ್ತದೆ. ಮೂರನೇ ಭಾಗವನ್ನು ತಿದ್ದಬೇಕೇ, ಹಾಗೇ ಬಿಡಬೇಕೇ? ಗೊಂದಲ ಎಂದು ಪಠ್ಯಗಳು ಹೇಳುವುದು ಇದನ್ನು. ಮುಂದಿನ ವರದಿಗೆ ಕುಳಿತಾಗ ಯಾವ ಅಳತೆಗೋಲು ಹಿಡಿಯಬೇಕೆಂದು ತಿಳಿಯದೆ ಕೈ ನಿಲ್ಲುತ್ತದೆ.

ಆತಂಕದ ಮೂಲ ಬೇರೆ. ಟೀಕೆ ಎಷ್ಟು ಕಟುವಾಗಿತ್ತು ಎಂಬುದಕ್ಕಿಂತ ಅದು ಯಾವಾಗ ಬರುತ್ತದೆ ಎಂದು ಗೊತ್ತಾಗದಿರುವುದೇ ಹೆಚ್ಚು ಕಾಡುತ್ತದೆ. ಫಡೆಲ್ ಮಟ್ಟಾ ಮತ್ತು ಸಹಲೇಖಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಪ್ರಯೋಗದಲ್ಲಿ ಕೆಲವರನ್ನು ಮೇಲ್ವಿಚಾರಕ ಸದಾ ನ್ಯಾಯವಾಗಿ ನಡೆಸಿಕೊಂಡ, ಕೆಲವರನ್ನು ಸದಾ ಅನ್ಯಾಯವಾಗಿ, ಇನ್ನು ಕೆಲವರನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ. ಒತ್ತಡವನ್ನು ಹೃದಯ ಬಡಿತದ ಮೂಲಕ ಅಳೆದರು. ಅತಿ ಹೆಚ್ಚು ಒತ್ತಡ ಕಂಡದ್ದು ಸದಾ ಅನ್ಯಾಯ ಅನುಭವಿಸಿದವರಲ್ಲಿ ಅಲ್ಲ, ಮೂರನೆಯ ಗುಂಪಿನಲ್ಲಿ. ಸದಾ ಸಿಡುಕುವವನ ಎದುರು ಮನುಷ್ಯ ರಕ್ಷಾಕವಚ ತೊಟ್ಟುಕೊಂಡೇ ಹೋಗುತ್ತಾನೆ. ಇಲ್ಲಿ ಅದನ್ನು ಯಾವಾಗ ತೊಡಬೇಕೆಂದೇ ತಿಳಿಯುವುದಿಲ್ಲ. ಇನ್ನೂ ಕೆಟ್ಟದ್ದೇನೆಂದರೆ, ನಮ್ಮ ಪ್ರಸಂಗದಲ್ಲಿ ಚಪ್ಪಾಳೆಯ ಹಿಂದೆಯೇ ಗುರುವಾರ ಬರುತ್ತದೆ. ನಾಲ್ಕಾರು ಬಾರಿ ಹೀಗಾದ ಮೇಲೆ ಹೊಗಳಿಕೆಯೇ ಮುನ್ಸೂಚನೆಯಾಗುತ್ತದೆ. ಸಭೆಯಲ್ಲಿ ತನ್ನ ಹೆಸರು ಕೇಳಿದ ಕೂಡಲೇ ಆಕೆಯ ಹೊಟ್ಟೆಯಲ್ಲಿ ಸಂಕಟ.

ಹೊಗಳಿಕೆ ಟೀಕೆಯ ನೋವನ್ನು ಒಂದಿಷ್ಟಾದರೂ ತಗ್ಗಿಸುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಮಿಶೆಲ್ ಡಫಿ, ಡೇನಿಯಲ್ ಗ್ಯಾನ್‌ಸ್ಟರ್ ಮತ್ತು ಮಿಲಾನ್ ಪಾಗೊನ್ ಸ್ಲೊವೇನಿಯಾದ ಪೊಲೀಸರನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಉತ್ತರ. ಬೆಂಬಲವೂ ಕಾಲೆಳೆಯುವಿಕೆಯೂ ಒಬ್ಬರೇ ಮೇಲಧಿಕಾರಿಯಿಂದ ಬಂದಾಗ ಬೆಂಬಲ ಮುಲಾಮಾಗಲಿಲ್ಲ, ಗಾಯವನ್ನು ಕೆರಳಿಸಿತು. ಒಂದು ಎಚ್ಚರಿಕೆಯ ಮಾತು: ಅವರು ಅಳೆದದ್ದು ವ್ಯಕ್ತಿಯ ಯಶಸ್ಸಿಗೂ ಹೆಸರಿಗೂ ಧಕ್ಕೆ ತರುವಂಥ ವರ್ತನೆಯನ್ನು, ಕೆಲಸದ ನೇರವಾದ ತಿದ್ದುಪಡಿಯನ್ನಲ್ಲ. ಪ್ರಾಮಾಣಿಕ ವಿಮರ್ಶೆಯೆಲ್ಲ ಹಾನಿಕರ ಎಂದು ಇದನ್ನು ಆಧರಿಸಿ ಬರೆದರೆ ತಪ್ಪಾಗುತ್ತದೆ. ನಮ್ಮ ಪ್ರಸಂಗದಲ್ಲೂ “ಮೂರನೇ ಭಾಗದ ಲೆಕ್ಕ” ಎಂಬುದು ತಿದ್ದುಪಡಿ, “ಇಷ್ಟು ಅಜಾಗರೂಕತೆ” ಎಂಬುದು ವ್ಯಕ್ತಿಯ ಮೇಲಿನ ಏಟು.

ಅಪನಂಬಿಕೆಯನ್ನು ವಿವರಿಸಲು ಮೇಯರ್, ಡೇವಿಸ್, ಸ್ಕೂರ್‌ಮನ್ ಎಂಬ ಸಂಶೋಧಕರು 1995ರಲ್ಲಿ ಕೊಟ್ಟ ನಂಬಿಕೆಯ ಮಾದರಿ ಸಾಕು. ಒಬ್ಬರನ್ನು ನಂಬುವಾಗ ನಾವು ಅವರ ಸಾಮರ್ಥ್ಯ, ನಮ್ಮ ಮೇಲಿನ ಹಿತಚಿಂತನೆ, ನಡೆನುಡಿಯ ಪ್ರಾಮಾಣಿಕತೆ ಈ ಮೂರನ್ನು ತೂಗುತ್ತೇವೆ. ಎರಡು ನಾಲಿಗೆಯ ವ್ಯವಸ್ಥಾಪಕ ಕಳೆದುಕೊಳ್ಳುವುದು ಮೂರನೆಯದನ್ನು. ಅವನು ಜಾಣನೇ, ಒಳ್ಳೆಯದನ್ನೇ ಬಯಸುತ್ತಿರಲೂಬಹುದು. ಆದರೆ ಅವನ ಮಾತಿನಿಂದ ಅವನ ಮನಸ್ಸು ತಿಳಿಯುವುದಿಲ್ಲ ಎಂದಾದ ಮೇಲೆ ಉಳಿದೆರಡಕ್ಕೂ ಪುರಾವೆ ಎಲ್ಲಿಂದ ತರುವುದು?

ಇನ್ನು ಸಹೋದ್ಯೋಗಿಗಳು. ಪಠ್ಯಗಳು ಇವರನ್ನು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸುತ್ತವೆ. ನನ್ನ ಮಟ್ಟಿಗೆ ಪ್ರಸಂಗದ ತಿರುಳಿರುವುದೇ ಇಲ್ಲಿ. ಶುಕ್ರವಾರ ಪಕ್ಕದ ಮೇಜಿನವನು ಆಕೆಯ ಬಳಿ ಬಂದು, “ಆ ವರದಿಯ ಫೈಲ್ ಕಳಿಸುತ್ತೀರಾ? ಮಾದರಿ ಅಂದರಲ್ಲ” ಎನ್ನುತ್ತಾನೆ. ಕೊಡದಿದ್ದರೆ ಜಂಬದವಳು. “ಮೂರನೇ ಭಾಗ ಸರಿಯಿಲ್ಲವಂತೆ” ಎಂದರೆ ವ್ಯವಸ್ಥಾಪಕನ ಬಹಿರಂಗ ಮಾತನ್ನು ಸುಳ್ಳು ಮಾಡಿದಂತೆ, ಜೊತೆಗೆ ತನ್ನ ಮರ್ಯಾದೆಯನ್ನು ತಾನೇ ಕಳೆದುಕೊಂಡಂತೆ. ತನಗೆ ಬೈಗುಳ ಬಿತ್ತು ಎಂದು ಹೇಳಿಕೊಂಡರೂ ಚಪ್ಪಾಳೆ ಕೇಳಿದವರು ನಂಬುವುದಿಲ್ಲ. ಹೊಗಳಿಕೆ ಆಕೆಯನ್ನು ಒಂಟಿ ಮಾಡಿದೆ. ಆಕೆ ಸುಮ್ಮನೆ ಫೈಲ್ ಕಳಿಸುತ್ತಾಳೆ, ಲೆಕ್ಕದ ದೋಷವೂ ಅದರ ಜೊತೆಗೇ ಹೋಗುತ್ತದೆ.

ಪರಿಹಾರ ಕೇಳಿದರೆ ಸಭೆಯಲ್ಲಿ ಹೊಗಳಲೇಬೇಡಿ ಎಂದಾಗಲಿ, ಎಲ್ಲರೆದುರು ಬೈಯಿರಿ ಎಂದಾಗಲಿ ಬರೆಯಬೇಡಿ. ಹೊಗಳಿಕೆಯ ವ್ಯಾಪ್ತಿಯನ್ನು ಕಿರಿದು ಮಾಡಿದರೆ ಸಾಕು: “ಮೊದಲೆರಡು ಭಾಗಗಳ ನಿರೂಪಣೆಯನ್ನು ಎಲ್ಲರೂ ಗಮನಿಸಿ.” ಗುರುವಾರ “ಮೊದಲೆರಡರ ಬಗ್ಗೆ ಅಂದು ಹೇಳಿದ್ದಕ್ಕೆ ಬದ್ಧ. ಮೂರನೆಯದರ ಲೆಕ್ಕವನ್ನು ಮೂಲ ದಾಖಲೆಯೊಂದಿಗೆ ಮತ್ತೊಮ್ಮೆ ತಾಳೆ ನೋಡಿ” ಎಂದರೆ ಎರಡು ಮಾತುಗಳೂ ಒಂದೇ ಬಾಯಿಂದ ಬಂದಂತಿರುತ್ತವೆ. ತೀರ್ಪುಗಳು ಡಿಕ್ಕಿ ಹೊಡೆಯುತ್ತಿವೆಯೇ ಎಂದು ಪರೀಕ್ಷಿಸಲು ಸುಲಭ ದಾರಿಯೊಂದಿದೆ. ಕೊಠಡಿಯ ಮಾತು ಸಭೆಯಲ್ಲಿದ್ದವರಿಗೆ ಆಕಸ್ಮಿಕವಾಗಿ ಕೇಳಿಸಿದರೆ ಅವರಿಗೆ ಅಚ್ಚರಿಯಾಗುತ್ತದೆಯೇ?

ನಮ್ಮ ಪ್ರಸಂಗದಲ್ಲಿ ಅದು ಕೇಳಿಸುತ್ತದೆ. ಮುಂದಿನ ತ್ರೈಮಾಸಿಕದಲ್ಲಿ ಪಕ್ಕದ ಮೇಜಿನವನ ವರದಿಗೂ ಸಭೆಯಲ್ಲಿ ಮೆಚ್ಚುಗೆ ಸಿಗುತ್ತದೆ, ಗುರುವಾರ ಅವನಿಗೂ ಕರೆ ಬರುತ್ತದೆ. ಹೊರಬಂದವನು ನೇರ ಆಕೆಯ ಬಳಿಗೆ ನಡೆದು, “ಮೂರನೇ ಭಾಗದ ಬಗ್ಗೆ ನಿಮಗೂ ಹೇಳಿದ್ದರಾ?” ಎಂದು ಕೇಳುತ್ತಾನೆ.