‘ಮೊದಲಿನಂತೆಯೇ ಮಾಡಿಕೊಡುತ್ತೇನೆ’: ಬಾಡಿಗೆ ಮನೆಯ ಸ್ಮಾರ್ಟ್ ಸ್ವಿಚ್ಚಿಗೆ ಅನುಮತಿ ಪತ್ರ

ಬಾಡಿಗೆದಾರರು ಫೋನಿನಿಂದಲೂ ನಡೆಸಬಹುದಾದ ಸ್ಮಾರ್ಟ್ ಸ್ವಿಚ್ ಕೂಡಿಸಲು ಅನುಮತಿ ಕೇಳಿ ಬರೆಯುವ ಪತ್ರದಲ್ಲಿ ‘ಮನೆ ಬಿಡುವಾಗ ಮೊದಲಿನಂತೆಯೇ ಮಾಡಿಕೊಡುತ್ತೇನೆ’ ಎಂಬ ಮಾತು ಇದ್ದೇ ಇರುತ್ತದೆ. ಮಾಲೀಕರು ಒಪ್ಪುವುದೂ ಬಿಡುವುದೂ ಆ ಮಾತಿನ ಮೇಲೆಯೇ. ಆದರೆ ಗೋಡೆಯೊಳಗೆ ಯಾವ ವೈರ್ ಇದೆ, ಬಣ್ಣದ ಮೇಲೆ ಅಂಟು ನಿಲ್ಲುತ್ತದೆಯೇ ಎಂಬುದನ್ನು ನೋಡದೆ ಆ ಮಾತು ಕೊಡಲು ಬರುವುದಿಲ್ಲ. ಆದ್ದರಿಂದ ಮೊದಲು ಮಾಲೀಕರನ್ನು ಬಾಯಿಮಾತಿನಲ್ಲಿ ಕೇಳಿ, ಪರವಾನಗಿ ಇರುವ ವೈರ್‌ಮನ್‌ರನ್ನು ಕರೆಸಿ, ಬೋರ್ಡ್ ಬಿಚ್ಚಿ ನೋಡಬೇಕು. ಪತ್ರ ಬರೆಯುವುದು ಅದಾದ ಮೇಲೆ.

ಕಲಬುರಗಿಯ ಹಳೆಯ ಬಡಾವಣೆಯ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕೆಳಗೆ ಮಾಲೀಕರ ವಾಸ, ಮೇಲೆ ಬಾಡಿಗೆಗೆ ಎರಡು ಕೋಣೆ. ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಗೆ ಹಲವು ಸಲ ಬಳಿದ ಸುಣ್ಣದ ಮೇಲೆ ಡಿಸ್ಟೆಂಪರ್. ನಡುಮನೆಯ ಬೋರ್ಡಿನಲ್ಲಿ ಐದು ಸ್ವಿಚ್, ಒಂದು ಫ್ಯಾನ್ ರೆಗ್ಯುಲೇಟರ್, ಒಂದು ಪ್ಲಗ್ ಸಾಕೆಟ್ ಇವೆ. ಮಲಗುವ ಕೋಣೆಯ ಬಾಗಿಲ ಪಕ್ಕದ ಚಿಕ್ಕ ಬೋರ್ಡಿನಲ್ಲಿ ಎರಡೇ ಸ್ವಿಚ್, ಸಾಕೆಟ್ ಇಲ್ಲ. ಈ ಎರಡು ಬೋರ್ಡುಗಳ ನಡುವಿನ ವ್ಯತ್ಯಾಸವೇ ಪತ್ರದಲ್ಲಿ ಏನು ಕೇಳಬೇಕು ಎಂಬುದನ್ನು ತೀರ್ಮಾನಿಸುತ್ತದೆ.

ಸಾಮಾನ್ಯ ಸ್ವಿಚ್ಚಿಗೆ ಬೇಕಾಗುವುದು ಕರೆಂಟ್ ತರುವ ವೈರ್, ಅಂದರೆ ಫೇಸ್ ಮಾತ್ರ. ಫೇಸ್ ಸ್ವಿಚ್ಚಿಗೆ ಬಂದು, ಅಲ್ಲಿಂದ ಬಲ್ಬಿಗೆ ಹೋಗುತ್ತದೆ. ಕರೆಂಟ್ ಮರಳುವ ವೈರಾದ ನ್ಯೂಟ್ರಲ್ ನೇರವಾಗಿ ಬಲ್ಬಿಗೇ ಹೋಗಿರುತ್ತದೆ, ಸ್ವಿಚ್ಚಿನ ಹತ್ತಿರ ಸುಳಿಯುವುದೂ ಇಲ್ಲ. ಗೋಡೆಯ ಸ್ವಿಚ್ಚಿನ ಹಿಂದೆ ಕೂಡುವ ಪುಟ್ಟ ಡಬ್ಬಿ, ಅಂದರೆ ಸ್ಮಾರ್ಟ್ ಸ್ವಿಚ್ಚಿನ ಮಾಡ್ಯೂಲ್ ಹಾಗಲ್ಲ. ಅದರೊಳಗೆ ವೈಫೈ ಅಥವಾ ಜಿಗ್‌ಬೀ ರೇಡಿಯೋ ಇದೆ, ದೀಪ ಆರಿರುವಾಗಲೂ ಅದು ಎಚ್ಚರವಾಗಿರಬೇಕು. ಹೀಗಾಗಿ ಅದಕ್ಕೆ ಸದಾ ಫೇಸ್ ಮತ್ತು ನ್ಯೂಟ್ರಲ್ ಎರಡೂ ಬೇಕು. ಸಾಕೆಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ, ಏಕೆಂದರೆ ಸಾಕೆಟ್ಟಿಗೆ ಅದು ಬೇಕೇ ಬೇಕು. ಬಾಗಿಲ ಪಕ್ಕದ ಚಿಕ್ಕ ಬೋರ್ಡಿನಲ್ಲಿ ಬಹುತೇಕ ಇರುವುದಿಲ್ಲ.

ಇಲ್ಲಿಯೇ ಅಪಾಯದ ಅಡ್ಡದಾರಿಗಳು ಶುರುವಾಗುತ್ತವೆ. ನ್ಯೂಟ್ರಲ್ ಸಿಗದಿದ್ದಾಗ ಹಸಿರು ಅರ್ಥ್ ವೈರಿಗೇ ಮಾಡ್ಯೂಲ್ ಜೋಡಿಸುವವರಿದ್ದಾರೆ. ಮಾಡ್ಯೂಲ್ ನಡೆಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಎಲ್ಲೋ ಆ ಅರ್ಥ್ ಸಂಪರ್ಕ ಸಡಿಲವಾದ ದಿನ, ಅದೇ ವೈರಿಗೆ ಸೇರಿದ ಫ್ರಿಜ್ಜಿನ ಅಥವಾ ಕೂಲರಿನ ಲೋಹದ ಮೈಗೆ ಮಾಡ್ಯೂಲಿನ ಮೂಲಕ ಕರೆಂಟ್ ಹರಿಯಬಹುದು. ಕೋಣೆಯಾಚೆಯ ಇನ್ನೊಂದು ಸರ್ಕ್ಯೂಟಿನಿಂದ ನ್ಯೂಟ್ರಲ್ ಎಳೆಯುವುದೂ ತಪ್ಪು. ಮನೆಗೆ ಕರೆಂಟ್ ಸೋರಿದರೆ ತಾನೇ ಮೇನ್ ಆರಿಸುವ ಆರ್‌ಸಿಸಿಬಿ ಇದ್ದು ಆ ನ್ಯೂಟ್ರಲ್ ಅದರ ಆಚೆಯದಾಗಿದ್ದರೆ, ಹೋದ ಕರೆಂಟಿಗೂ ಬಂದ ಕರೆಂಟಿಗೂ ಲೆಕ್ಕ ಸರಿಹೋಗದೆ ಅದು ಮತ್ತೆ ಮತ್ತೆ ಬೀಳುತ್ತದೆ. ‘ಬಾಡಿಗೆಯವರು ಏನೋ ಮಾಡಿದರು, ಆಗಿನಿಂದ ಇಡೀ ಮನೆಯ ಕರೆಂಟ್ ಹೋಗುತ್ತಿದೆ’ ಎಂಬ ಜಗಳಕ್ಕೆ ಇದೊಂದು ಸಾಕು.

ನ್ಯೂಟ್ರಲ್ ಬೇಡದ ಮಾಡ್ಯೂಲುಗಳೂ ಸಿಗುತ್ತವೆ. ಅವು ಬಲ್ಬಿನ ಮೂಲಕವೇ ತುಸು ಕರೆಂಟ್ ಹರಿಸಿಕೊಂಡು ಬದುಕುತ್ತವೆ. ಹಳೆಯ 60 ವ್ಯಾಟ್ ಬಲ್ಬಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. 9 ವ್ಯಾಟಿನ ಎಲ್‌ಇಡಿ ಬಲ್ಬು ಮಾತ್ರ ಆ ತುಸು ಕರೆಂಟಿಗೇ ರಾತ್ರಿಯಿಡೀ ಮಿಣುಕುತ್ತದೆ ಅಥವಾ ಮಂದವಾಗಿ ಉರಿಯುತ್ತಲೇ ಇರುತ್ತದೆ. ಆ ತುಸು ಕರೆಂಟನ್ನು ಬಲ್ಬಿನ ಪಕ್ಕದಿಂದ ಹಾಯಿಸುವ ಬೈಪಾಸ್ ಕೆಪಾಸಿಟರನ್ನು ಹೋಲ್ಡರಿನಲ್ಲಿ ಹಾಕಿದರೆ ಸರಿಹೋಗುತ್ತದೆ, ಆದರೆ ಬಾಡಿಗೆ ಮನೆಯಲ್ಲಿ ಇಷ್ಟು ರಗಳೆ ಬೇಕಿಲ್ಲ. ಮಲಗುವ ಕೋಣೆಯ ಬೋರ್ಡನ್ನು ಮುಟ್ಟದೆ, ಹೋಲ್ಡರಿಗೆ ಒಂದು ಸ್ಮಾರ್ಟ್ ಬಲ್ಬ್ ಹಾಕುವುದೇ ಸರಿ. ಗೋಡೆಯ ಸ್ವಿಚ್ ಆರಿಸಿದರೆ ಅದು ಫೋನಿಗೆ ಸಿಗದು ಎಂಬುದೊಂದೇ ಕೊರತೆ.

ಹಾಗಾದರೆ ನಡುಮನೆಯ ಬೋರ್ಡಿಗೆ ಎರಡು ಮಾಡ್ಯೂಲ್ ಸಾಕು, ಟ್ಯೂಬ್‌ಲೈಟಿಗೆ ಒಂದು, ಫ್ಯಾನಿಗೆ ಒಂದು. ಇವು ಸುಮಾರು 4 ಸೆಂ.ಮೀ. ಚೌಕದ, 2 ಸೆಂ.ಮೀ. ದಪ್ಪದ ಡಬ್ಬಿಗಳು, ಸ್ವಿಚ್ಚಿನ ಹಿಂದೆ ಕೂಡುತ್ತವೆ. ಹಳೆಯ ಸ್ವಿಚ್ ಅಲ್ಲೇ ಉಳಿಯುತ್ತದೆ, ಕೈಯಿಂದ ಒತ್ತಿದರೂ ಕೆಲಸ ಮಾಡುತ್ತದೆ. ವೈಫೈ ಹೋದರೂ ಮನೆ ಕತ್ತಲಾಗದು. ಫ್ಯಾನಿನ ಮಾಡ್ಯೂಲ್ ರೆಗ್ಯುಲೇಟರಿಗಿಂತ ಮೊದಲು ಬರಬೇಕು, ಮತ್ತು ಅದು ಬರೀ ಆನ್-ಆಫ್ ಮಾಡುವಂಥದ್ದೇ ಆಗಿರಬೇಕು. ಬೆಳಕಿನ ಡಿಮ್ಮರನ್ನು ಫ್ಯಾನಿಗೆ ಹಾಕಿದರೆ ಮೋಟರ್ ಗುಂಯ್ ಎನ್ನುತ್ತದೆ, ಬಿಸಿಯಾಗುತ್ತದೆ.

ಜೋಡಿಸುವಾಗ ಎಡವುವ ಜಾಗ ಒಂದಿದೆ. ಹಳೆಯ ಸ್ವಿಚ್ಚಿನ ಎರಡು ವೈರುಗಳು ಮಾಡ್ಯೂಲಿನ S ಗುರುತಿನ ಟರ್ಮಿನಲ್ಲುಗಳಿಗೆ ಹೋಗುತ್ತವೆ. ಹಲವು ಮಾಡ್ಯೂಲುಗಳಲ್ಲಿ ಈ ಜಾಗಕ್ಕೆ ಫೇಸ್ ಬರಲೇಬಾರದು, ಸ್ವಿಚ್ ಎರಡು ಟರ್ಮಿನಲ್ಲುಗಳನ್ನು ಬರೀ ಕೂಡಿಸಬೇಕು. ಬೋರ್ಡಿನಲ್ಲಿ ಸ್ವಿಚ್ಚಿನಿಂದ ಸ್ವಿಚ್ಚಿಗೆ ಫೇಸಿನ ಲೂಪ್ ಹೋಗಿರುವುದರಿಂದ, ಅದನ್ನು ತೆಗೆಯಲು ಮರೆತರೆ ಮೇನ್ ಹಾಕಿದ ಕ್ಷಣವೇ ಮಾಡ್ಯೂಲ್ ಸುಡುತ್ತದೆ. ಇನ್ನು ಕೆಲವು ಮಾಡ್ಯೂಲುಗಳು ಅಲ್ಲಿ ಫೇಸನ್ನೇ ಕೇಳುತ್ತವೆ. ಡಬ್ಬದೊಳಗಿನ ಚಿತ್ರ ನೋಡದೆ ಅಭ್ಯಾಸದ ಬಲದ ಮೇಲೆ ಜೋಡಿಸಬಾರದು. ತೆಗೆದ ಲೂಪನ್ನು ಮುಂದಿನ ಸ್ವಿಚ್ಚಿಗೆ ಮತ್ತೆ ಕೊಡುವುದೂ ನೆನಪಿರಲಿ, ಇಲ್ಲದಿದ್ದರೆ ಸಾಲಿನ ಉಳಿದ ಸ್ವಿಚ್ಚುಗಳು ಸತ್ತಂತೆ ಕಾಣುತ್ತವೆ.

ಕಲಬುರಗಿಯ ಬೇಸಿಗೆಯ ಲೆಕ್ಕವನ್ನೂ ಹಾಕಲೇಬೇಕು. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಪಡುವಣ ಗೋಡೆಯೊಳಗಿನ ಡಬ್ಬಿಯಲ್ಲಿ ಅದಕ್ಕಿಂತ ಹೆಚ್ಚು. ಬಹಳಷ್ಟು ಮಾಡ್ಯೂಲುಗಳಿಗೆ ಸುತ್ತಲಿನ ಶಾಖ 40 ಡಿಗ್ರಿಯೊಳಗೆ ಇರಲಿ ಎಂದೇ ತಯಾರಕರು ಬರೆದಿರುತ್ತಾರೆ. ಟ್ಯೂಬ್‌ಲೈಟ್, ಫ್ಯಾನಿನಂಥ ಹಗುರ ಹೊರೆಯಿಂದ ಮಾಡ್ಯೂಲ್ ತಾನಾಗಿ ಹೆಚ್ಚು ಬಿಸಿಯಾಗದು, ಆದರೂ ಆ ಮಿತಿ ನೋಡಿಯೇ ಕೊಳ್ಳಬೇಕು. 2000 ವ್ಯಾಟಿನ ಗೀಜರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ‘10 ಆಂಪಿಯರ್’ ಎಂದು ಬರೆದ ಪುಟ್ಟ ಡಬ್ಬಿಗೆ ಬಿಸಿ ಗೋಡೆಯಲ್ಲಿ ಅಷ್ಟು ಹೊರಿಸಬಾರದು. ಕೂಲರಿನ ತೊಂದರೆ ಬೇರೆ. ಓಡುವಾಗ ಅದು ಎಳೆಯುವುದು ಒಂದು ಆಂಪಿಯರಿನ ಆಸುಪಾಸು, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಆ ಏಟಿಗೆ ಮಾಡ್ಯೂಲಿನಲ್ಲಿ ಕರೆಂಟನ್ನು ಕೂಡಿಸಿ ಬಿಡಿಸುವ ರಿಲೇಯ ಒಳಗಿನ ಲೋಹದ ತುದಿಗಳು ಬೆಸೆದುಕೊಳ್ಳಬಹುದು. ಆಗ ಫೋನಿನಲ್ಲಿ ‘ಆಫ್’ ಎಂದಿರುತ್ತದೆ, ಕೂಲರ್ ತಿರುಗುತ್ತಲೇ ಇರುತ್ತದೆ. ಗೀಜರ್, ಕೂಲರ್, ನೀರಿನ ಮೋಟರ್ ಮೂರನ್ನೂ ಮುಟ್ಟುವುದಿಲ್ಲ ಎಂದು ಪತ್ರದಲ್ಲೇ ಬರೆದುಬಿಡುವುದು ಒಳ್ಳೆಯದು.

ಸೆನ್ಸರುಗಳಿಗೂ ಬಿಸಿಲು ಕಾಟ ಕೊಡುತ್ತದೆ. ಚಲನೆ ಗುರುತಿಸುವ ಪಿಐಆರ್ ಸೆನ್ಸರ್ ಮನುಷ್ಯರನ್ನು ನೋಡುವುದಿಲ್ಲ. ಮೈಯಿಂದ ಬರುವ ಶಾಖದ ಕಿರಣಕ್ಕೂ ಹಿಂದಿನ ಗೋಡೆಯ ಶಾಖದ ಕಿರಣಕ್ಕೂ ಇರುವ ವ್ಯತ್ಯಾಸ ಸರಿದಾಡುವುದನ್ನಷ್ಟೇ ಅದು ಹಿಡಿಯುತ್ತದೆ. ಚರ್ಮದ ಶಾಖ 33–34 ಡಿಗ್ರಿಯ ಹತ್ತಿರ. ಏಪ್ರಿಲ್ ಸಂಜೆ ಮಾಳಿಗೆ ಕೆಳಗಿನ ಕೋಣೆಯ ಗೋಡೆಯೂ ಅಷ್ಟೇ ಬಿಸಿಯಾದರೆ ವ್ಯತ್ಯಾಸವೇ ಉಳಿಯದು, ಸೆನ್ಸರ್ ಕುರುಡಾಗುತ್ತದೆ, ಮುಂದೆ ಓಡಾಡಿದರೂ ದೀಪ ಹತ್ತುವುದಿಲ್ಲ. ಡಿಸೆಂಬರಿನಲ್ಲಿ ಚೆನ್ನಾಗಿದ್ದದ್ದು ಬೇಸಿಗೆಯಲ್ಲಿ ಕೈಕೊಟ್ಟರೆ ಬ್ಯಾಟರಿ ಬದಲಿಸುವ ಮೊದಲು ಗೋಡೆ ಮುಟ್ಟಿ ನೋಡಿ. ಕೂಲರಿನ ಗಾಳಿ ನೇರ ಬೀಸುವ ಕಡೆಯೂ ಅದನ್ನು ಇಡಬಾರದು, ಪರದೆ ಅಲ್ಲಾಡಿದರೆ ಸುಮ್ಮಸುಮ್ಮನೆ ದೀಪ ಹತ್ತುತ್ತದೆ. ಇಲ್ಲಿ ಬಾಗಿಲಿನ ಸೆನ್ಸರೇ ಹೆಚ್ಚು ನಂಬಿಗಸ್ತ. ಅಯಸ್ಕಾಂತ ಹತ್ತಿರ ಬಂದಿದೆಯೋ ಇಲ್ಲವೋ ಎಂಬುದಷ್ಟೇ ಅದಕ್ಕೆ ಬೇಕು, ಶಾಖದ ಗೊಡವೆ ಇಲ್ಲ. ಬಾಗಿಲು ಕಬ್ಬಿಣದ್ದಾದರೆ ಮಾತ್ರ ಅಯಸ್ಕಾಂತದ ಸೆಳೆತ ಅದರಲ್ಲೇ ಚದುರುತ್ತದೆ. ನಡುವೆ ತೆಳ್ಳನೆಯ ಮರದ ಚೂರು ಕೊಟ್ಟು ಅಂಟಿಸಬೇಕು.

ಇನ್ನು ಅಂಟು. ಡಿಸ್ಟೆಂಪರ್ ಗೋಡೆಗೆ ಸೆನ್ಸರ್ ಅಂಟಿಸುವ ಟೇಪ್ ಗಟ್ಟಿಯಾಗಿಯೇ ಹಿಡಿಯುತ್ತದೆ, ಆದರೆ ಬಣ್ಣ ಸುಣ್ಣವನ್ನು ಹಿಡಿದಿರುವುದಿಲ್ಲ. ಕಿತ್ತಾಗ ರೂಪಾಯಿ ಅಗಲದ ಪದರ ಟೇಪಿನ ಜೊತೆ ಎದ್ದು ಬರುತ್ತದೆ. ಕಪಾಟಿನ ಹಿಂದೆ ಕಾಣದ ಕಡೆ ಒಂದು ತುಂಡು ಅಂಟಿಸಿ, ಮರುದಿನ ಕಿತ್ತು ನೋಡಿ. ಬಿಳಿ ಪುಡಿ ಬಂದರೆ ಆ ಗೋಡೆಗೆ ಏನನ್ನೂ ಅಂಟಿಸಬೇಡಿ. ಚೌಕಟ್ಟಿನ ಮರ, ಟೈಲ್ಸ್, ನಯವಾದ ಕಲ್ಲು ಇವೇ ಗತಿ. ಕೀಳುವಾಗ ನೇರ ಎಳೆಯದೆ, ತೆಳು ದಾರವನ್ನು ಹಿಂದೆ ತೂರಿಸಿ ಗರಗಸದಂತೆ ಆಡಿಸಿದರೆ ಕಲೆ ಇಲ್ಲದೆ ಬರುತ್ತದೆ.

ಇಷ್ಟು ನೋಡಿಕೊಂಡ ಮೇಲೆ ಪತ್ರ ತಾನಾಗಿಯೇ ಬರುತ್ತದೆ:

> ಮಾನ್ಯರೇ, ಶರಣು.
>
> ನಿಮ್ಮ ಮನೆಯ ಮೇಲಿನ ಮಹಡಿಯ ಬಾಡಿಗೆದಾರನಾದ ನಾನು ಕೆಳಗಿನ ಕೆಲಸಕ್ಕೆ ತಮ್ಮ ಅನುಮತಿ ಕೋರುತ್ತೇನೆ. ನಡುಮನೆಯ ಬೋರ್ಡಿನೊಳಗೆ ಟ್ಯೂಬ್‌ಲೈಟ್ ಮತ್ತು ಫ್ಯಾನಿನ ಸ್ವಿಚ್ಚುಗಳ ಹಿಂದೆ ಎರಡು ಮಾಡ್ಯೂಲ್, ಮಲಗುವ ಕೋಣೆಯ ಹೋಲ್ಡರಿಗೆ ಒಂದು ಸ್ಮಾರ್ಟ್ ಬಲ್ಬ್, ನಮ್ಮ ಬಾಗಿಲಿನ ಒಳಗಡೆ ಚೌಕಟ್ಟಿಗೆ ಅಂಟಿಸುವ ಒಂದು ಸೆನ್ಸರ್, ಇಷ್ಟೇ. ಈಗಿನ ಸ್ವಿಚ್ಚುಗಳು ಹಾಗೆಯೇ ಇರುತ್ತವೆ. ಗೋಡೆ ಕೊರೆಯುವುದಿಲ್ಲ, ವೈರ್ ಕತ್ತರಿಸುವುದಿಲ್ಲ, ಅರ್ಥ್ ವೈರ್ ಬಳಸುವುದಿಲ್ಲ. ಗೀಜರ್, ಕೂಲರ್, ಮೋಟರ್ ಮತ್ತು ನಮಗಿಬ್ಬರಿಗೂ ಸೇರಿದ ಮೆಟ್ಟಿಲ ದೀಪವನ್ನು ಮುಟ್ಟುವುದಿಲ್ಲ. ಇವುಗಳಲ್ಲಿ ಕ್ಯಾಮೆರಾ, ಮೈಕ್ ಯಾವುದೂ ಇಲ್ಲ.
>
> ಕೆಲಸವನ್ನು ಪರವಾನಗಿ ಇರುವ ವೈರ್‌ಮನ್ ಮಾಡುತ್ತಾರೆ. ಒಂದು ಗಂಟೆ ಮೇನ್ ಆರಿಸಬೇಕಾಗುತ್ತದೆ, ದಿನ ಮತ್ತು ಹೊತ್ತನ್ನು ತಾವೇ ಹೇಳಬೇಕು. ಇದರಿಂದ ಹೆಚ್ಚುವ ಕರೆಂಟ್ ತಿಂಗಳಿಗೆ ಎರಡು ಯೂನಿಟ್ ಒಳಗೆ. ಬೋರ್ಡಿನ ಒಳಗಿನ ಫೋಟೋ ಜೊತೆಗಿಟ್ಟಿದ್ದೇನೆ. ಮನೆ ಬಿಡುವ ಮುಂಚೆ ಎಲ್ಲವನ್ನೂ ನನ್ನ ಖರ್ಚಿನಲ್ಲಿ ತೆಗೆಸಿ, ಇದೇ ಫೋಟೋದಂತೆ ಮಾಡಿಸಿ ತೋರಿಸುತ್ತೇನೆ. ಇದರಿಂದ ವೈರಿಂಗ್ ಕೆಟ್ಟರೆ ರಿಪೇರಿಯ ಹೊಣೆ ನನ್ನದು. ಒಪ್ಪಿಗೆ ಇದ್ದರೆ ಎರಡೂ ಪ್ರತಿಗಳಿಗೆ ಸಹಿ ಮಾಡಬೇಕಾಗಿ ವಿನಂತಿ.

ಯೂನಿಟ್ ಲೆಕ್ಕ ಹೀಗೆ: ಒಂದು ಮಾಡ್ಯೂಲ್ ಸುಮ್ಮನಿರುವಾಗ ಒಂದು ವ್ಯಾಟ್ ತಿಂದರೂ 24 ಗಂಟೆ, 30 ದಿನಕ್ಕೆ 0.72 ಯೂನಿಟ್. ಎರಡಕ್ಕೆ ಒಂದೂವರೆ ಹಿಡಿಯಿರಿ, ಉಳಿದದ್ದು ಬಲ್ಬಿಗೆ. ಜೆಸ್ಕಾಂ ಬಿಲ್ ಎರಡು ಮಹಡಿಗೂ ಒಂದೇ ಇದ್ದರೆ ಈ ಸಾಲು ಮಾಲೀಕರಿಗೆ ಬಹಳ ಮುಖ್ಯ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರರು ತಾವು ಕೂಡಿಸಿದ್ದನ್ನು ಮನೆ ತಮ್ಮ ವಶದಲ್ಲಿರುವಾಗ ತೆಗೆದೊಯ್ಯಬಹುದು, ಮನೆಯನ್ನು ಪಡೆದ ಸ್ಥಿತಿಯಲ್ಲೇ ಬಿಡಬೇಕು. ‘ವಶದಲ್ಲಿರುವಾಗ’ ಎಂಬುದನ್ನು ಗಮನಿಸಿ. ಬೀಗ ಒಪ್ಪಿಸಿದ ಮೇಲೆ ಮಾಡ್ಯೂಲ್ ಕೇಳಲು ಹೋಗುವುದು ಕಷ್ಟ. ಬಾಡಿಗೆ ಕರಾರಿನಲ್ಲಿ ‘ಯಾವ ಬದಲಾವಣೆಯೂ ಕೂಡದು’ ಎಂದಿದ್ದರೆ ಆ ಕರಾರೇ ಮೇಲು, ಆಗ ಸಹಿ ಇಲ್ಲದೆ ಸ್ಕ್ರೂ ಸಹ ಬಿಚ್ಚಬಾರದು.

ತೆಗೆಯುವ ದಿನಕ್ಕಾಗಿ ಕೂಡಿಸುವ ದಿನವೇ ತಯಾರಿ ಆಗಬೇಕು. ಪ್ರತಿ ವೈರಿಗೂ ಕಾಗದದ ಟೇಪ್ ಸುತ್ತಿ ‘ಫೇಸ್ ಲೂಪ್’, ‘ಟ್ಯೂಬ್’, ‘ಫ್ಯಾನ್’ ಎಂದು ಬರೆದು, ಆಮೇಲೆ ಫೋಟೋ ತೆಗೆಯಿರಿ. ವೈರಿನ ಬಣ್ಣ ನಂಬಬೇಡಿ, ಹಳೆಯ ಮನೆಗಳಲ್ಲಿ ಸಿಕ್ಕಿದ ಬಣ್ಣ ಎಳೆದಿರುತ್ತಾರೆ. ತೆಗೆಯುವಾಗ ಮೊದಲು ಫೋನಿನ ಆ್ಯಪಿನಿಂದ ಸಾಧನಗಳನ್ನು ಅಳಿಸಿ, ನಂತರ ಮೇನ್ ಆರಿಸಿ ಮಾಡ್ಯೂಲ್ ಬಿಚ್ಚಿಸಿ, ಲೂಪ್ ಮತ್ತೆ ಹಾಕಿಸಿ. ಕೊನೆಗೆ ಮಾಲೀಕರನ್ನು ಬೋರ್ಡಿನ ಮುಂದೆ ನಿಲ್ಲಿಸಿಕೊಂಡು ಐದೂ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿ ತೋರಿಸಿ, ಸಾಕೆಟ್ಟಿಗೆ ಒಂದು ಚಾರ್ಜರ್ ಸಿಕ್ಕಿಸಿ, ಪತ್ರದ ಪ್ರತಿಯ ಮೇಲೆ ‘ಮೊದಲಿನಂತೆ ಇದೆ’ ಎಂದು ಅವರಿಂದ ಬರೆಸಿಕೊಳ್ಳಿ.