ಹನ್ನೆರಡು ತಿಂಗಳಿಗೆ ಹನ್ನೊಂದೇ ಡಮ್ಮಿ

ಒಂದು ಸೀರೆ ಅಂಗಡಿಯ 36 ತಿಂಗಳ ವ್ಯಾಪಾರದ ಲೆಕ್ಕ ನಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಯಾವ ತಿಂಗಳಲ್ಲಿ ವ್ಯಾಪಾರ ಎಷ್ಟು ಏರುತ್ತದೆ ಎಂದು ರಿಗ್ರೆಷನ್‌ನಿಂದ, ಅಂದರೆ ಯಾವುದರಿಂದ ಎಷ್ಟು ಏರಿಳಿತ ಎಂದು ಅಂದಾಜು ಮಾಡುವ ಲೆಕ್ಕದಿಂದ, ತಿಳಿಯಬೇಕು. ಅದಕ್ಕೆ ತಿಂಗಳಿಗೊಂದು ಕಾಲಂ ಮಾಡುತ್ತೇವೆ. ಆ ತಿಂಗಳಾದರೆ 1, ಇಲ್ಲದಿದ್ದರೆ 0. ಇದೇ ಡಮ್ಮಿ.

ಹನ್ನೆರಡು ತಿಂಗಳಿಗೆ ಹನ್ನೆರಡು ಕಾಲಂ ಹಾಕಿದರಾಯಿತು, ಅಲ್ವಾ? ತೊಂದರೆ ಇರುವುದು ಅಲ್ಲೇ. ಯಾವ ಸಾಲು ನೋಡಿದರೂ ಹನ್ನೆರಡರಲ್ಲಿ ಒಂದು ಕಡೆ ಮಾತ್ರ 1 ಇರುತ್ತದೆ, ಹಾಗಾಗಿ ಎಲ್ಲ ಕೂಡಿದರೆ ಯಾವಾಗಲೂ 1. ಎಲ್ಲ ಸಾಲಿಗೂ ಸಮನಾಗಿ ಸೇರುವ ಮೂಲ ಅಂಕಿ ಇಂಟರ್‌ಸೆಪ್ಟ್; ಅದರ ಕಾಲಂ ಕೂಡ ಪೂರ್ತಿ 1 ತಾನೇ? ಒಂದೇ ಮಾಹಿತಿ ಎರಡು ಸಲ ಬಂತು. ಜನವರಿಯ ಸರಾಸರಿ 8 ಲಕ್ಷ, ನವೆಂಬರಿನದು 13 ಲಕ್ಷ ಎನ್ನಿ. ಇಂಟರ್‌ಸೆಪ್ಟ್ 0, ಜನವರಿ 8, ನವೆಂಬರ್ 13 ಎಂದರೂ ಲೆಕ್ಕ ಸರಿ. ಇಂಟರ್‌ಸೆಪ್ಟ್ 100, ಜನವರಿ −92, ನವೆಂಬರ್ −87 ಎಂದರೂ ಸರಿ! ಉತ್ತರಕ್ಕೆ ಕೊನೆಯೇ ಇಲ್ಲ. R ಭಾಷೆಯ `lm` ಆಗ ಒಂದು ಕಾಲಂ ಬಿಟ್ಟು, ಅದರ ಎದುರು `NA` ತೋರಿಸುತ್ತದೆ. ಕೆಲವು ತಂತ್ರಾಂಶಗಳು ಸುಮ್ನೆ ಯಾವುದೋ ಒಂದು ಉತ್ತರ ಕೊಟ್ಟುಬಿಡುತ್ತವೆ; ಅಪಾಯ ಅದರಲ್ಲೇ ಜಾಸ್ತಿ.

ಜನವರಿಯ ಡಮ್ಮಿಯನ್ನು ನಾವೇ ಕೈಬಿಟ್ಟರೆ ಇಂಟರ್‌ಸೆಪ್ಟ್ 8, ನವೆಂಬರ್ 5. ಈ 5 ನವೆಂಬರಿನ ವ್ಯಾಪಾರವಲ್ಲ, ಜನವರಿಗಿಂತ ಅದು ಎಷ್ಟು ಹೆಚ್ಚು ಎಂಬುದು. ಬೇರೆ ತಿಂಗಳನ್ನು ಬಿಟ್ಟರೆ ಈ ಅಂಕಿಗಳೆಲ್ಲ ಬದಲಾಗುತ್ತವೆ, ಆದರೆ ಅಂದಾಜು ಮಾಡಿದ ವ್ಯಾಪಾರ ಒಂದಿಷ್ಟೂ ಬದಲಾಗುವುದಿಲ್ಲ.

ಇನ್ನು ಹಬ್ಬಗಳ ಮಾತು. ದೀಪಾವಳಿ 2023ರಲ್ಲಿ ನವೆಂಬರಿಗೆ ಬಂತು, 2025ರಲ್ಲಿ ಅಕ್ಟೋಬರಿಗೆ. ತಿಂಗಳ ಡಮ್ಮಿ ಮಾತ್ರ ಇದ್ದರೆ ಹಬ್ಬದ ಏರಿಕೆ ಎರಡೂ ತಿಂಗಳಿಗೆ ಹಂಚಿಹೋಗುತ್ತದೆ. ಒಂದು ವರ್ಷ ನವೆಂಬರಿನ ಅಂದಾಜು ಕಡಿಮೆ, ಇನ್ನೊಂದು ವರ್ಷ ಜಾಸ್ತಿ. ಆದ್ದರಿಂದ ದೀಪಾವಳಿಗೆ ಪ್ರತ್ಯೇಕ ಕಾಲಂ ಬೇಕು. ಅದೇ ಉತ್ಸಾಹದಲ್ಲಿ ಸಂಕ್ರಾಂತಿಗೂ ಒಂದು ಹಾಕಿದಿರೋ, ಕೆಟ್ಟಿರಿ. ಸಂಕ್ರಾಂತಿ ಯಾವಾಗಲೂ ಜನವರಿಯಲ್ಲೇ. ನಾವು ಹೊರಗಿಟ್ಟ ಜನವರಿ ಹಿತ್ತಿಲ ಬಾಗಿಲಿನಿಂದ ವಾಪಸ್ ಬಂದಂತೆ.

ಜಾಹೀರಾತಿನ ಫಲ ಹಬ್ಬದಲ್ಲಿ ಹೆಚ್ಚೇ ಎಂದು ಕೇಳಬೇಕಾದರೆ ಜಾಹೀರಾತಿನ ಖರ್ಚನ್ನು ದೀಪಾವಳಿ ಡಮ್ಮಿಯಿಂದ ಗುಣಿಸಿ ಇನ್ನೊಂದು ಕಾಲಂ ಸೇರಿಸುತ್ತೇವೆ. ಇದು ಇಂಟರಾಕ್ಷನ್. ಬಂದ ಅಂಕಿಗಳು ಹೀಗಿವೆ ಎನ್ನಿ: ಜಾಹೀರಾತು 2, ದೀಪಾವಳಿ 4, ಗುಣಿಸಿದ್ದು 1.5. ಮಾಮೂಲಿ ತಿಂಗಳಲ್ಲಿ ಜಾಹೀರಾತಿಗೆ ಇನ್ನೊಂದು ಲಕ್ಷ ಹಾಕಿದರೆ ವ್ಯಾಪಾರ 2 ಲಕ್ಷ ಏರುತ್ತದೆ, ದೀಪಾವಳಿಯಲ್ಲಿ 3.5 ಲಕ್ಷ. ಹಾಗಾದರೆ 4 ಏನು? ಜಾಹೀರಾತೇ ಇಲ್ಲದಿದ್ದರೆ ದೀಪಾವಳಿ ತರುವ ಏರಿಕೆ. ಆದರೆ ದೀಪಾವಳಿಗೆ ಜಾಹೀರಾತು ಕೊಡದ ಅಂಗಡಿ ಎಲ್ಲಿದೆ? ಆ 4ನ್ನು ನಂಬುವುದು ಕಷ್ಟ. 1.5 ಕೂಡ ಬರೀ ಮೂರು ದೀಪಾವಳಿಗಳಿಂದ ಹೊರಟಿದ್ದು. ಒಂದು ವರ್ಷ ಖರ್ಚು ಅತಿಯಾಗಿದ್ದರೆ ಅದೊಂದೇ ಸಾಲು ಅದನ್ನು ತಿರುಗಿಸಿಬಿಡಬಹುದು. ಆ ಸಾಲು ತೆಗೆದು ಮತ್ತೆ ರಿಗ್ರೆಷನ್ ಮಾಡಿದರೆ ಗೊತ್ತಾಗುತ್ತದೆ.